ನಲವತ್ತು ನಿಮಿಷದ ಪಾಠ: ಪೀಠಿಕೆ, ಜೊತೆ ಅಭ್ಯಾಸ, ಕೊನೆಯ ಚೀಟಿ (ಪದೇ ಪದೇ ಕೇಳುವ ಪ್ರಶ್ನೆಗಳು)

ಕ್ಲಸ್ಟರ್ ಸಮಾಲೋಚನಾ ಸಭೆ ಮುಗಿದು ಊಟಕ್ಕೆ ಕೂತಾಗ ಕಲಬುರಗಿ, ಯಾದಗಿರಿ ಕಡೆಯ ಹೊಸ ಶಿಕ್ಷಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ವಿಷಯಕ್ಕೂ ಹೊಂದುವ ಹಾಗೆ ಬರೆಯಲು ಹೋದರೆ ಯಾವ ಪಾಠಕ್ಕೂ ಸರಿಯಾಗಿ ಹೊಂದುವುದಿಲ್ಲ. ಅದಕ್ಕೇ ಒಂದೇ ಪಾಠ ಹಿಡಿದಿದ್ದೇನೆ: ಆರನೇ ತರಗತಿಯ ಗಣಿತ, ಎರಡು ದಶಮಾಂಶ ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ಗುರುತಿಸುವುದು. ನೋಡಲು ಸಣ್ಣ ಪಾಠ. ಆದರೆ ಏಳನೇ, ಎಂಟನೇ ತರಗತಿಗೆ ಹೋದ ಮೇಲೂ ಇದರಲ್ಲಿ ಎಡವುವ ಮಕ್ಕಳು ಎಷ್ಟೋ ಇದ್ದಾರೆ.

ಪಾಠದ ತಯಾರಿ ಎಲ್ಲಿಂದ ಶುರು ಮಾಡಬೇಕು? ಪೀಠಿಕೆಯಿಂದಲಾ?

ಅಲ್ಲ, ಕೊನೆಯ ಪ್ರಶ್ನೆಯಿಂದ. ಬೆಲ್ ಹೊಡೆಯುವ ಮುಂಚೆ ಮಗು ಯಾವ ಪ್ರಶ್ನೆಗೆ ಒಬ್ಬನೇ ಕೂತು ಉತ್ತರ ಬರೆದರೆ ಪಾಠ ತಲೆಗೆ ಹೋಗಿದೆ ಎಂದು ನೀವು ಒಪ್ಪುತ್ತೀರಿ? ಆ ಪ್ರಶ್ನೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ನಮ್ಮ ಪಾಠಕ್ಕೆ ಅದು ಹೀಗಿದೆ:

0.3, 0.52, 0.418. ಇವುಗಳಲ್ಲಿ ಅತಿ ದೊಡ್ಡದು ಯಾವುದು? ಯಾಕೆ?

ಈ ಮೂರು ಸಂಖ್ಯೆಗಳನ್ನೇ ಯಾಕೆ ಆರಿಸಿದ್ದು ಅಂತ ಕೆಳಗೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಈ ಪ್ರಶ್ನೆ ಕೈಯಲ್ಲಿದ್ದರೆ ಪೀಠಿಕೆಯಲ್ಲಿ ಏನು ಕೇಳಬೇಕು, ಅಭ್ಯಾಸಕ್ಕೆ ಯಾವ ಲೆಕ್ಕ ಕೊಡಬೇಕು ಎನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ. ಇದು ಇಲ್ಲದಿದ್ದರೆ ಪೀಠಿಕೆಗೆ ಒಂದು ಕಥೆ, ನಡುವೆ ಪುಸ್ತಕದ ಲೆಕ್ಕ, ಕೊನೆಗೆ "ಅರ್ಥ ಆಯ್ತಾ?" ಹೀಗೆ ಮೂರು ಮೂರು ಕಡೆ ಎಳೆದಾಡುತ್ತದೆ.

ಪೀಠಿಕೆ ಹೇಗಿರಬೇಕು? ಕಥೆ, ಹಾಡು, ಚಿತ್ರ ಬೇಕೇ ಬೇಕಾ?

ಬೇಕಿಲ್ಲ. ಈಗ ಹಲವರು ಇದನ್ನು ಹುಕ್ ಅನ್ನುತ್ತಾರೆ. ಆ ಹೆಸರು ಕೇಳಿ ಏನೋ ತಮಾಷೆ ಮಾಡಬೇಕು ಅಂದುಕೊಳ್ಳುವವರೇ ಜಾಸ್ತಿ. ಪೀಠಿಕೆಯ ಕೆಲಸ ಒಂದೇ. ಇವತ್ತಿನ ಪಾಠ ಬಿಡಿಸಬೇಕಾದ ಗಂಟನ್ನು ಮಕ್ಕಳ ಮುಂದೆ ಇಡುವುದು.

ನಮ್ಮ ಪಾಠಕ್ಕೆ ನಾನು ಹೇಳುವ ಪೀಠಿಕೆ ಇದು. ಹಲಗೆಯ ಮೇಲೆ ಎರಡು ಪಾಕೀಟು ಬರೆಯಿರಿ. ಎರಡರಲ್ಲೂ ತೊಗರಿಬೇಳೆ. ಒಂದರ ಮೇಲೆ 0.4 ಕೆಜಿ, ಇನ್ನೊಂದರ ಮೇಲೆ 0.35 ಕೆಜಿ. ಎರಡಕ್ಕೂ ರೇಟು ಒಂದೇ. "ನಿಮ್ಮ ಅವ್ವ ಅಂಗಡಿಗೆ ಕಳಿಸಿದ್ದಾಳೆ. ಯಾವುದು ತರ್ತೀರಿ?" ಅಂತ ಕೇಳಿ ಕೈ ಎತ್ತಿಸಿ. ತೊಗರಿಯ ನಾಡಿನ ಮಕ್ಕಳಿಗೆ ಬೇಳೆಯ ಬಗ್ಗೆ ವಿವರಣೆ ಬೇಕಿಲ್ಲ. ಗಂಜ್ ಮಾರುಕಟ್ಟೆಗೆ ಚೀಲ ಸಾಗಿಸಿದ್ದನ್ನು ನೋಡಿದ ಮಕ್ಕಳೇ ಇರುತ್ತಾರೆ.

ತುಂಬಾ ಕೈಗಳು 0.35ಕ್ಕೆ ಏಳುತ್ತವೆ. ಯಾಕೆ ಅಂತ ಒಬ್ಬನನ್ನು ಕೇಳಿದರೆ "ಸರ, ಮೂವತ್ತೈದು ದೊಡ್ಡದ ರೀ, ನಾಕು ಸಣ್ಣದು" ಅನ್ನುತ್ತಾನೆ. ಇನ್ನೊಬ್ಬಳು "ಇಲ್ರೀ, ನಾಕೇ ದೊಡ್ಡದು" ಅನ್ನುತ್ತಾಳೆ. ಎರಡೂ ಕಡೆಯ ಕೈಗಳನ್ನು ಎಣಿಸಿ ಹಲಗೆಯ ಮೂಲೆಯಲ್ಲಿ ಬರೆಯಿರಿ. ಯಾರು ಸರಿ ಅಂತ ಹೇಳಬೇಡಿ. ಇಲ್ಲಿಗೆ ಪೀಠಿಕೆ ಮುಗಿಯಿತು. ನಾಲ್ಕೈದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು.

ಒಂದು ಎಚ್ಚರಿಕೆ. ನಿಜವಾದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಪೀಠಿಕೆಗೆ ತರಬೇಡಿ. ಅದು 0.400, 0.350 ಅಂತ ಸೊನ್ನೆ ತುಂಬಿಸಿಯೇ ತೋರಿಸುತ್ತದೆ. ಆಗ ನಾನೂರು, ಮುನ್ನೂರ ಐವತ್ತು ಅಂತ ಓದಿ ಎಲ್ಲರೂ ಸರಿ ಉತ್ತರ ಹೇಳಿಬಿಡುತ್ತಾರೆ, ಗಂಟು ಕಾಣುವುದೇ ಇಲ್ಲ. ತಕ್ಕಡಿಯನ್ನು ಪಾಠದ ಕೊನೆಗೆ ಇಟ್ಟುಕೊಳ್ಳಿ.

ಪೀಠಿಕೆಗೆ ದುಡ್ಡಿನ ಉದಾಹರಣೆ ಕೊಡಬಹುದಲ್ವಾ? ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತೆ.

ಕೂಡಿಸುವ, ಕಳೆಯುವ ಪಾಠಕ್ಕೆ ಕೊಡಿ. ಈ ಪಾಠಕ್ಕೆ ಮಾತ್ರ ಬೇಡ. ರೂಪಾಯಿ ಬರೆಯುವಾಗ ಬಿಂದುವಿನ ನಂತರ ಯಾವಾಗಲೂ ಎರಡೇ ಅಂಕಿ: 5.50, 12.75. ಎರಡೂ ಕಡೆ ಅಂಕಿಗಳ ಸಂಖ್ಯೆ ಒಂದೇ ಇದ್ದಾಗ ತಪ್ಪು ತಿಳಿದ ಮಗುವೂ ಸರಿ ಉತ್ತರ ಕೊಡುತ್ತದೆ. ಜೊತೆಗೆ ಬಿಂದು ಅಂದರೆ ರೂಪಾಯಿಯನ್ನು ಪೈಸೆಯಿಂದ ಬೇರೆ ಮಾಡುವ ಗುರುತು ಅಷ್ಟೇ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅಂಥ ಮಗು 5.5 ನೋಡಿದರೆ ಐದು ರೂಪಾಯಿ ಐದು ಪೈಸೆ ಅಂತ ಓದುತ್ತದೆ.

ಪೀಠಿಕೆ ಆದ ಮೇಲೆ ನೇರವಾಗಿ ಅಭ್ಯಾಸಕ್ಕೆ ಹೋಗಬಹುದಾ?

ಹೋಗಬಾರದು. ನಡುವೆ ಎಂಟು ಹತ್ತು ನಿಮಿಷ ನೀವು ತೋರಿಸಬೇಕು. ಚೌಕಳಿ ನೋಟ್‌ಬುಕ್ಕಿನಲ್ಲಿ ಹತ್ತು ಮನೆ ಅಗಲ, ಹತ್ತು ಮನೆ ಉದ್ದದ ಒಂದು ಚೌಕ ಎಳೆಸಿ. ಇಡೀ ಚೌಕ ಅಂದರೆ ಒಂದು ಕೆಜಿ. ಒಂದು ಉದ್ದ ಪಟ್ಟಿ ಅಂದರೆ ಹತ್ತನೇ ಒಂದು ಭಾಗ. ಒಂದು ಪುಟ್ಟ ಮನೆ ಅಂದರೆ ನೂರನೇ ಒಂದು ಭಾಗ. 0.4 ಅಂದರೆ ನಾಲ್ಕು ಪಟ್ಟಿ ಬಣ್ಣ. 0.35 ಅಂದರೆ ಮೂರು ಪಟ್ಟಿ, ಮೇಲೆ ಐದು ಮನೆ. ಎರಡು ಚೌಕ ಅಕ್ಕಪಕ್ಕ ಇಟ್ಟರೆ ಯಾವುದು ಜಾಸ್ತಿ ಎನ್ನುವುದು ಕಣ್ಣಿಗೇ ಕಾಣುತ್ತದೆ. ಐದು ಮನೆಗಳು ಸೇರಿ ಒಂದು ಪೂರ್ತಿ ಪಟ್ಟಿ ಆಗುವುದಿಲ್ಲ ಎನ್ನುವುದನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ಪಾಠದ ತಿರುಳು ಅದೇ.

ಹಿಂದೆ ಸೊನ್ನೆ ಸೇರಿಸಿ 0.40, 0.35 ಅಂತ ಮಾಡಿ ಹೋಲಿಸುವ ಸುಲಭದ ದಾರಿ ಇದೆಯಲ್ಲ, ಅದನ್ನು ಮೊದಲೇ ಹೇಳಿಕೊಟ್ಟರೆ ಮಕ್ಕಳು ಬಿಂದುವನ್ನು ಮರೆತು ನಲವತ್ತು, ಮೂವತ್ತೈದು ಅಂತ ನೋಡುತ್ತಾರೆ. ಉತ್ತರ ಬರುತ್ತದೆ, ಕಾರಣ ಬರುವುದಿಲ್ಲ. ಚೌಕ ನೋಡಿದ ಮೇಲೆ ಹೇಳಿದರೆ ತೊಂದರೆಯಿಲ್ಲ, ಏಕೆಂದರೆ ಆಗ ಅವರಿಗೆ ನಾಲ್ಕು ಪಟ್ಟಿ ಅಂದರೆ ನಲವತ್ತು ಮನೆ ಅಂತ ಗೊತ್ತಿರುತ್ತದೆ.

ಇನ್ನೊಂದು ವಿಷಯ. 0.35 ಅನ್ನು "ಸೊನ್ನೆ ಬಿಂದು ಮೂವತ್ತೈದು" ಅಂತ ಓದಬೇಡಿ. "ಸೊನ್ನೆ ಬಿಂದು ಮೂರು ಐದು" ಅಂತ ಓದಿ. ನೀವೇ ಮೂವತ್ತೈದು ಅಂದರೆ ಮಗು ನಾಲ್ಕಕ್ಕಿಂತ ದೊಡ್ಡದು ಅನ್ನದೆ ಇನ್ನೇನು ಅಂದೀತು?

ಜೊತೆ ಅಭ್ಯಾಸ ಅಂದರೆ ಏನು? ಹಲಗೆ ಮೇಲೆ ಲೆಕ್ಕ ಬಿಡಿಸಿ ತೋರಿಸುವುದೇ ಅಲ್ವಾ?

ಬಿಡಿಸಿ ತೋರಿಸುವುದು ಅದರ ಮೊದಲ ಮೆಟ್ಟಿಲು ಮಾತ್ರ. ಜೊತೆ ಅಭ್ಯಾಸದಲ್ಲಿ ಕೆಲಸ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಕೈಯಿಂದ ಮಕ್ಕಳ ಕೈಗೆ ಹೋಗಬೇಕು. ನೀವು ಪಕ್ಕದಲ್ಲೇ ಇರುವುದರಿಂದ ತಪ್ಪು ಅಲ್ಲಲ್ಲೇ ಸಿಗುತ್ತದೆ. ಪಾಠದ ದೊಡ್ಡ ಪಾಲು ಸಮಯ, ಹದಿನೈದು ನಿಮಿಷವಾದರೂ, ಇದಕ್ಕೇ ಹೋಗಬೇಕು. ನಮ್ಮಲ್ಲಿ ಆಗುವುದು ತಿರುಗುಮುರುಗು. ವಿವರಣೆ ಅರ್ಧ ಗಂಟೆ ನಡೆಯುತ್ತದೆ, ಆಮೇಲೆ "ಉಳಿದ ಲೆಕ್ಕ ಮನೆಯಲ್ಲಿ ಮಾಡಿಕೊಂಡು ಬನ್ನಿ". ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗು ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿಕೊಂಡು ಬರುತ್ತದೆ.

ಲೆಕ್ಕಗಳನ್ನು ನಾನು ಈ ಸಾಲಿನಲ್ಲಿ ಕೊಡುತ್ತೇನೆ.

ಮೊದಲನೆಯದು 0.6 ಮತ್ತು 0.52. ಇದನ್ನು ನೀವೇ ಮಾಡಿ, ಆದರೆ ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳಿ: "ಮೊದಲು ಬಿಂದುವಿನ ಎಡಗಡೆ ನೋಡ್ತೀನಿ. ಎರಡರಲ್ಲೂ ಸೊನ್ನೆ. ಈಗ ಬಿಂದು ಆದ ಮೇಲಿನ ಮೊದಲ ಮನೆ. ಇಲ್ಲಿ ಆರು ಪಟ್ಟಿ, ಅಲ್ಲಿ ಐದು ಪಟ್ಟಿ. ಉಳಿದ ಎರಡು ಪುಟ್ಟ ಮನೆ ಸೇರಿದರೂ ಆರನೇ ಪಟ್ಟಿ ತುಂಬೋದಿಲ್ಲ. ಅದಕ್ಕೇ ಇಲ್ಲಿಗೇ ನಿಲ್ಲಿಸ್ತೀನಿ. 0.6 ದೊಡ್ಡದು."

ಎರಡನೆಯದು 0.28 ಮತ್ತು 0.3. ಈಗ ಹಲಗೆಯ ಮೇಲೆ ಬರೆಯುವವರು ನೀವು, ಮುಂದೇನು ಅಂತ ಹೇಳುವವರು ಮಕ್ಕಳು. "ಮೊದಲು ಎಲ್ಲಿ ನೋಡಲಿ? ಆಮೇಲೆ?"

ಮೂರನೆಯದು 0.73 ಮತ್ತು 0.6. ಇದು ಬಹಳ ಮುಖ್ಯ. ಮೊದಲ ಎರಡು ಲೆಕ್ಕಗಳಲ್ಲೂ, ಪೀಠಿಕೆಯಲ್ಲೂ, ಅಂಕಿ ಕಡಿಮೆ ಇದ್ದ ಸಂಖ್ಯೆಯೇ ದೊಡ್ಡದಾಗಿತ್ತು. ಇದನ್ನು ಗಮನಿಸಿದ ಮಕ್ಕಳು "ಓಹೋ, ಚಿಕ್ಕದಾಗಿ ಕಾಣೋದೇ ದೊಡ್ಡದು" ಅಂತ ಹೊಸ ತಪ್ಪು ನಿಯಮ ಮಾಡಿಕೊಳ್ಳುತ್ತಾರೆ. ಹತ್ತನೇ ಭಾಗ ನೂರನೇ ಭಾಗಕ್ಕಿಂತ ದೊಡ್ಡದು ಎನ್ನುವ ಮಾತೂ ಆ ನಿಯಮಕ್ಕೆ ನೀರೆರೆಯುತ್ತದೆ. ಬರೀ ಮೊದಲ ಬಗೆಯ ಲೆಕ್ಕಗಳನ್ನೇ ಕೊಟ್ಟರೆ ಇಡೀ ತರಗತಿ ಎಲ್ಲವನ್ನೂ ಸರಿ ಮಾಡುತ್ತದೆ, ನೀವು ಖುಷಿಯಾಗಿ ಹೊರಗೆ ಬರುತ್ತೀರಿ, ಮಕ್ಕಳು ಕಲಿತದ್ದು ಮಾತ್ರ ಬೇರೆ ತಪ್ಪು. ಇಲ್ಲಿ ಇಬ್ಬಿಬ್ಬರು ಸೇರಿ ಸ್ಲೇಟಿನಲ್ಲಿ ಉತ್ತರ ಬರೆಯಲಿ.

ನಾಲ್ಕನೆಯದು 0.7 ಮತ್ತು 0.70. ಎರಡೂ ಸಮ. ಗಲಾಟೆ ಆಗುತ್ತದೆ, ಆಗಲಿ. ಚೌಕದಲ್ಲಿ ಬಣ್ಣ ಹಚ್ಚಿ ನೋಡಲು ಹೇಳಿ.

ಕೊನೆಯ ಎರಡು, 0.09 ಮತ್ತು 0.4, ಹಾಗೆಯೇ 0.815 ಮತ್ತು 0.62. ಇವನ್ನು ಒಬ್ಬೊಬ್ಬರೇ ಮಾಡಲಿ. ನೀವು ಸಾಲುಗಳ ನಡುವೆ ಓಡಾಡಿ. ಮುಂದಿನ ಬೆಂಚಿನ ಬದಲು ಹಿಂದಿನ ಗೋಡೆಯ ಕಡೆಯಿಂದ ಶುರು ಮಾಡಿ.

ಅಭ್ಯಾಸ ಸಾಕು ಅಂತ ಹೇಗೆ ಗೊತ್ತಾಗುತ್ತದೆ?

ಸ್ಲೇಟು ಎತ್ತಿಸಿದಾಗ ಹತ್ತರಲ್ಲಿ ಎಂಟು ಸರಿ ಇದ್ದರೆ ಮುಂದಿನ ಮೆಟ್ಟಿಲಿಗೆ ಹೋಗಿ. ಅಮೆರಿಕದ ಶಿಕ್ಷಣ ಸಂಶೋಧಕ ಬರಾಕ್ ರೋಸೆನ್‌ಶೈನ್ 2012ರ ತಮ್ಮ ಲೇಖನದಲ್ಲಿ ಅಭ್ಯಾಸದ ಹೊತ್ತಿಗೆ ಸುಮಾರು ಶೇ. 80ರಷ್ಟು ಉತ್ತರ ಸರಿ ಬರುತ್ತಿದ್ದರೆ ಒಳ್ಳೆಯದು ಎಂದಿದ್ದರು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ಮೆಟ್ಟಿಲು ಎತ್ತರವಾಯಿತು ಅಂತ ಅರ್ಥ, ಹಿಂದಿನ ಲೆಕ್ಕದಂಥದ್ದೇ ಇನ್ನೊಂದು ಕೊಡಿ. ಎಲ್ಲವೂ ಎಲ್ಲರಿಗೂ ಸರಿ ಬಂದರೆ ಲೆಕ್ಕ ತೀರಾ ಸುಲಭವಾಗಿರಬಹುದು, ಅಥವಾ ಪಕ್ಕದವರ ಸ್ಲೇಟು ಚೆನ್ನಾಗಿ ಕಾಣುತ್ತಿರಬಹುದು.

ನಮ್ಮ ಮಕ್ಕಳು ಎಲ್ಲದಕ್ಕೂ ಒಟ್ಟಿಗೆ "ಹೌದ್ರೀ ಸರ" ಅನ್ನುತ್ತಾರೆ. ಅದನ್ನು ನಂಬಬಹುದಾ?

ನಂಬಬೇಡಿ. ಆ ಕೂಗು ನಾಲ್ಕೈದು ಜನರದ್ದು, ಉಳಿದವರು ಅರ್ಧ ಕ್ಷಣ ತಡವಾಗಿ ಸೇರಿಕೊಳ್ಳುತ್ತಾರೆ. ಕಿವಿಗೊಟ್ಟು ಕೇಳಿದರೆ ಆ ತಡ ಗೊತ್ತಾಗುತ್ತದೆ. ಸ್ಲೇಟು ಇದ್ದರೆ ಸ್ಲೇಟು ಬಳಸಿ: ಎಲ್ಲರೂ ಬರೆಯಬೇಕು, ಸ್ಲೇಟನ್ನು ಎದೆಗೆ ಒತ್ತಿ ಹಿಡಿಯಬೇಕು, "ಎತ್ತಿ" ಅಂದಾಗ ಒಟ್ಟಿಗೆ ಎತ್ತಬೇಕು. ಸ್ಲೇಟು ಇಲ್ಲದಿದ್ದರೆ ಕಣ್ಣು ಮುಚ್ಚಿಸಿ ಬೆರಳು ಎತ್ತಿಸಿ. ಮೊದಲ ಸಂಖ್ಯೆ ದೊಡ್ಡದಾದರೆ ಒಂದು ಬೆರಳು, ಎರಡನೆಯದಾದರೆ ಎರಡು, ಸಮ ಇದ್ದರೆ ಮುಷ್ಟಿ.

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ನಿಲ್ಲುವುದನ್ನೂ ರೂಢಿ ಮಾಡಿಕೊಳ್ಳಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಡಿಮೆ ಅನಿಸಬಹುದು. ನಲವತ್ತು ಮಕ್ಕಳ ಮುಂದೆ ನಿಂತು ನೋಡಿ, ಎಷ್ಟು ಉದ್ದ ಅಂತ ತಿಳಿಯುತ್ತದೆ.

ತರಗತಿಯಲ್ಲಿ ಲಂಬಾಣಿ, ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿದ್ದಾರೆ. ಅವರು ಬಾಯಿಯೇ ಬಿಡುವುದಿಲ್ಲ. ಏನು ಮಾಡಲಿ?

ಇಬ್ಬಿಬ್ಬರು ಕೂತು ಮಾಡುವ ಲೆಕ್ಕದಲ್ಲಿ ಮನೆಮಾತಿನಲ್ಲೇ ಮಾತಾಡಲು ಬಿಡಿ. ಬೀದರಿನ ಗಡಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳಲ್ಲಿ ಉರ್ದು. ಈ ಪಾಠಕ್ಕೆ ಬೇಕಾದ ಕನ್ನಡ ಬಹಳ ಕಡಿಮೆ: ಪಟ್ಟಿ, ಮನೆ, ದೊಡ್ಡದು, ಸಮ. ಈ ನಾಲ್ಕನ್ನು ಚೌಕದ ಚಿತ್ರದ ಪಕ್ಕ ಬರೆದಿಡಿ. ಕಾರಣ ಹೇಳುವಾಗ ಮಗು ಚೌಕದ ಮೇಲೆ ಬೆರಳಿಟ್ಟು ತೋರಿಸಿದರೂ ಅದನ್ನು ಉತ್ತರ ಅಂತಲೇ ತೆಗೆದುಕೊಳ್ಳಿ.

ಕೊನೆಯ ಚೀಟಿ ಹೇಗೆ? ಆ ಮೂರು ಸಂಖ್ಯೆಗಳ ಗುಟ್ಟೇನು?

ಬೆಲ್‌ಗೆ ಐದು ನಿಮಿಷ ಇರುವಾಗ ರಫ್ ನೋಟ್‌ಬುಕ್ಕಿನ ಕಾಲು ಹಾಳೆ ಹರಿಸಿ. ಹೆಸರು, ಉತ್ತರ, ಒಂದು ಸಾಲಿನ ಕಾರಣ, ಅಷ್ಟೇ. ಹಲಗೆಯ ಮೇಲಿನ ಹಳೆಯ ಲೆಕ್ಕಗಳನ್ನು ಅದಕ್ಕೂ ಮುಂಚೆ ಒರೆಸಿರಬೇಕು.

0.3, 0.52, 0.418ರಲ್ಲಿ ಸರಿ ಉತ್ತರ 0.52. ಆದರೆ ತಪ್ಪು ಉತ್ತರಗಳೇ ಇಲ್ಲಿ ಹೆಚ್ಚು ಮಾತಾಡುತ್ತವೆ. 0.418 ಅಂತ ಬರೆದ ಮಗು ಬಿಂದುವನ್ನು ನೋಡದೆ 418, 52, 3 ಅಂತ ಓದಿದೆ. ಅದು ಪೀಠಿಕೆಯ ಹೊತ್ತಿನಲ್ಲಿ ಎಲ್ಲಿತ್ತೋ ಅಲ್ಲೇ ಇದೆ. 0.3 ಅಂತ ಬರೆದ ಮಗು "ಅಂಕಿ ಕಡಿಮೆ ಇದ್ದರೆ ದೊಡ್ಡದು" ಅಂದುಕೊಂಡಿದೆ. ಅದು ಪಾಠ ಕೇಳಿದೆ, ಕೇಳಿ ಬೇರೆಯೇ ನಿಯಮ ಮಾಡಿಕೊಂಡಿದೆ. ಮೂರು ಉತ್ತರಕ್ಕೆ ಮೂರು ಬಗೆಯ ಯೋಚನೆ.

ಇದರ ಬದಲು 0.6, 0.45, 0.387 ಕೊಟ್ಟಿದ್ದರೆ? ಸರಿ ಉತ್ತರ 0.6. ಎರಡನೇ ತಪ್ಪು ನಿಯಮ ಹಿಡಿದ ಮಗುವೂ 0.6 ಅಂತಲೇ ಬರೆದು ಪಾಸಾಗುತ್ತದೆ. 0.4, 0.56, 0.713 ಕೊಟ್ಟರೆ ಮೊದಲ ತಪ್ಪಿನವರು ಪಾಸು. ಹಾಗಾಗಿ ಪ್ರಶ್ನೆ ಬರೆದ ಮೇಲೆ ನೀವೇ ಒಮ್ಮೆ ಬೇಕಂತಲೇ ತಪ್ಪು ನಿಯಮ ಹಾಕಿ ಬಿಡಿಸಿ ನೋಡಿ. ತಪ್ಪು ನಿಯಮದಿಂದ ಸರಿ ಉತ್ತರ ಬಂದರೆ ಆ ಸಂಖ್ಯೆಗಳನ್ನು ಬದಲಿಸಿ.

ಚೀಟಿಗಳನ್ನು ತಿದ್ದಲು ಸಮಯ ಎಲ್ಲಿದೆ? ಅಂಕ ಕೊಡಬೇಕಾ?

ಅಂಕ ಬೇಡ, ಕೆಂಪು ಪೆನ್ನೂ ಬೇಡ. ಟೇಬಲ್ ಮೇಲೆ ಮೂರು ಗುಡ್ಡೆ ಮಾಡಿ, ಅಷ್ಟೇ. ಆಫೀಸ್ ರೂಮಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಉದಾಹರಣೆಗೆ 36 ಮಕ್ಕಳ ತರಗತಿಯಲ್ಲಿ 24 ಚೀಟಿ 0.52, 8 ಚೀಟಿ 0.3, 4 ಚೀಟಿ 0.418 ಅಂತ ಬಂತು ಅನ್ನಿ. ಮೂರನೇ ಎರಡು ಭಾಗ ಸರಿ. ಮೊದಲು ಆ 24ರ ಕಾರಣಗಳನ್ನು ಓದಿ. "ಐದು ಪಟ್ಟಿ ಇದೆ" ಅಂತ ಇದ್ದರೆ ಸರಿ. "ನಡುವಿನದು" ಅಂತಲೋ, ಖಾಲಿಯೋ ಇದ್ದರೆ ಅದನ್ನು ಬೇರೆ ಇಡಿ. ಈ ತರಗತಿಗೆ ಮರುದಿನ ಹೊಸ ಪಾಠ ಶುರು ಮಾಡುವ ಮುಂಚೆ 0.3 ಮತ್ತು 0.52 ಅನ್ನು ಚೌಕದಲ್ಲಿ ಬಣ್ಣ ಹಚ್ಚಿಸಿ, ಆಮೇಲೆ 0.2 ಮತ್ತು 0.81ರಂಥ ಎರಡು ಜೋಡಿ ಕೊಡುತ್ತೇನೆ. ಆ ಎಂಟು ಮಕ್ಕಳಿಗೆ ಅಷ್ಟು ಸಾಕಾಗಬಹುದು, ಏಕೆಂದರೆ ಅವರು ಬಿಂದುವನ್ನು ನೋಡುತ್ತಿದ್ದಾರೆ. ಉಳಿದ ನಾಲ್ವರಿಗೆ ಸಾಕಾಗುವುದಿಲ್ಲ. ಅವರನ್ನು ಒಟ್ಟಿಗೆ ಕೂರಿಸಿ ಹತ್ತನೇ ಒಂದು ಭಾಗ ಅಂದರೇನು ಎಂಬಲ್ಲಿಂದಲೇ ಮತ್ತೆ ಹಿಡಿಯಬೇಕು.

ಗುಡ್ಡೆ ಉಲ್ಟಾ ಆಗಿ 0.418 ಬರೆದವರೇ ಹೆಚ್ಚಿದ್ದರೆ ಅದು ಮಕ್ಕಳ ಮೇಲೆ ಹಾಕುವ ವಿಷಯವಲ್ಲ. ಪಾಠವನ್ನು ಚೌಕದಿಂದ ಮತ್ತೆ ಮಾಡಿ.

ಊಟದ ನಂತರದ ಪೀರಿಯಡ್, ಬಿಸಿಲು, ಮಕ್ಕಳು ತೂಕಡಿಸುತ್ತಾರೆ. ಸಮಯವೂ ಸಾಲುವುದಿಲ್ಲ. ಏನನ್ನು ಬಿಡಲಿ?

ವಿವರಣೆ ಕಡಿಮೆ ಮಾಡಿ. ಚೌಕದಲ್ಲಿ ಒಂದೇ ಉದಾಹರಣೆ ತೋರಿಸಿ ಅಭ್ಯಾಸಕ್ಕೆ ಹೋಗಿ. ಲೆಕ್ಕಗಳಲ್ಲಿ ಒಂದೆರಡು ಬಿಟ್ಟರೂ 0.73 ಮತ್ತು 0.6 ಮಾತ್ರ ಬಿಡಬೇಡಿ. ಚೀಟಿಯಲ್ಲಿ ಕಾರಣ ಬಿಟ್ಟು ಬರೀ ಉತ್ತರ ಬರೆಸಿದರೂ ಆಗುತ್ತದೆ, ಮೂರು ಗುಡ್ಡೆ ಹೇಗೂ ಆಗುತ್ತವೆ. ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಪೀರಿಯಡ್‌ನಲ್ಲಿ ಕೂತು ಕೇಳುವುದಕ್ಕಿಂತ ಸ್ಲೇಟು ಎತ್ತಿ ಇಳಿಸುವುದೇ ಮಕ್ಕಳನ್ನು ಎಚ್ಚರ ಇಡುತ್ತದೆ.

ಪಾಠ ಯೋಜನೆಯ ಪುಸ್ತಕದಲ್ಲಿ ಐದು "ಇ"ಗಳ ಕಾಲಂ ಇದೆ. ಇದನ್ನು ಅಲ್ಲಿ ಹೇಗೆ ಬರೆಯಲಿ?

ಬೇಳೆ ಪಾಕೀಟಿನ ಪ್ರಶ್ನೆ ತೊಡಗಿಸುವ ಕಾಲಂಗೆ, ಚೌಕಕ್ಕೆ ಬಣ್ಣ ಹಚ್ಚುವುದು ಅನ್ವೇಷಣೆಗೆ, ಬಾಯಿಬಿಟ್ಟು ಯೋಚಿಸಿ ತೋರಿಸುವುದು ವಿವರಣೆಗೆ, ಸ್ಲೇಟಿನ ಲೆಕ್ಕಗಳು ವಿಸ್ತರಣೆಗೆ, ಚೀಟಿ ಮೌಲ್ಯಮಾಪನಕ್ಕೆ. ಸಿಆರ್‌ಪಿ ಬಂದು ಕೇಳಿದರೆ ಮೂರು ಗುಡ್ಡೆಯ ಚೀಟಿಗಳನ್ನೇ ತೋರಿಸಿ. ಕಾಲಂನಲ್ಲಿ ಬರೆದ ವಾಕ್ಯಕ್ಕಿಂತ ಅವು ಜಾಸ್ತಿ ಹೇಳುತ್ತವೆ.

ಕನ್ನಡ ಪದ್ಯಕ್ಕೂ ಇದೇ ಅಚ್ಚು ಹಾಕಬಹುದಾ?

ಹಾಗೇ ಹಾಕಬೇಡಿ. ಜೊತೆ ಅಭ್ಯಾಸ ಚೆನ್ನಾಗಿ ಕೂಡುವುದು ಹೆಜ್ಜೆ ಹೆಜ್ಜೆಯಾಗಿ ಮಾಡುವ ಕೆಲಸಕ್ಕೆ: ಲೆಕ್ಕ, ಸಂಧಿ ಬಿಡಿಸುವುದು, ಪತ್ರ ಬರೆಯುವುದು, ನಕ್ಷೆ ಓದುವುದು. ಪದ್ಯವನ್ನು ಮೊದಲು ಓದಿ ಕೇಳಿಸಬೇಕು, ಎರಡು ಮೂರು ಸಲ.

ನಮ್ಮದು ಐದು ಮತ್ತು ಆರನೇ ತರಗತಿ ಒಟ್ಟಿಗೆ ಕೂರುವ ಶಾಲೆ. ಆಗುತ್ತದಾ?

ಆಗುತ್ತದೆ, ಆದರೆ ಎರಡೂ ತರಗತಿಗೆ ಒಂದೇ ಸಲ ವಿವರಣೆ ಕೊಡಲು ಹೋಗಬೇಡಿ. ಪೀಠಿಕೆಯ ಪ್ರಶ್ನೆ ಎಲ್ಲರಿಗೂ ಇರಲಿ. ಆಮೇಲೆ ಐದನೆಯವರು ಚೌಕ ಎಳೆದು 0.1ರಿಂದ 0.9ರವರೆಗೆ ಬಣ್ಣ ಹಚ್ಚುತ್ತಾ ಕೂರಲಿ, ಆ ಹೊತ್ತಿಗೆ ಆರನೆಯವರ ಜೊತೆ ಮೊದಲ ಮೂರು ಲೆಕ್ಕ ಮುಗಿಸಿ. ಆರನೆಯವರು ಒಬ್ಬೊಬ್ಬರೇ ಮಾಡಲು ಶುರು ಮಾಡಿದಾಗ ಐದನೆಯವರ ಚೌಕ ನೋಡಿ. ಚೀಟಿ ಎರಡೂ ತರಗತಿಗೆ ಬೇರೆ ಬೇರೆ. ಐದನೆಯವರಿಗೆ "0.6 ಅಂದರೆ ಎಷ್ಟು ಪಟ್ಟಿ?" ಅಂತ ಕೇಳಿದರೆ ಸಾಕು.